ಲ್ಯಾಕ್ಟೇಟ್ ಹೊಸ್ತಿಲಿನ ಹೃದಯ ಬಡಿತ

ಓಟದ ವೇಗ ಏರುತ್ತ ಹೋದಂತೆ, ಸ್ನಾಯುಗಳಲ್ಲಿ ಹುಟ್ಟುವ ಲ್ಯಾಕ್ಟೇಟನ್ನು ದೇಹ ಅಷ್ಟೇ ಬೇಗ ಬಳಸಿಕೊಳ್ಳಲಾಗದ ಘಟ್ಟವೊಂದು ಬರುತ್ತದೆ. ಅಲ್ಲಿಂದಾಚೆ ವೇಗವನ್ನು ಹೆಚ್ಚಿಸದಿದ್ದರೂ ರಕ್ತದಲ್ಲಿ ಅದರ ಪ್ರಮಾಣ ಏರುತ್ತಲೇ ಹೋಗುತ್ತದೆ. ಈ ಘಟ್ಟದಲ್ಲಿ ನಿಮಿಷಕ್ಕೆ ಎಷ್ಟು ಬಡಿತಗಳಿರುತ್ತವೋ ಅದೇ ಹೊಸ್ತಿಲಿನ ಹೃದಯ ಬಡಿತ.

1964ರಲ್ಲಿ ಅಮೆರಿಕದ ವಾಸರ್ಮನ್ ಮತ್ತು ಮ್ಯಾಕ್‌ಇಲ್ರಾಯ್ ಹೃದ್ರೋಗಿಗಳ ಉಸಿರಾಟವನ್ನು ಅಳೆದು ಇಂಥ ಘಟ್ಟವನ್ನು ಗುರುತಿಸಿದರು. 1976ರಲ್ಲಿ ಜರ್ಮನಿಯ ಮಾಡರ್ ಮತ್ತು ಸಂಗಡಿಗರು ರಕ್ತದ ಒಂದು ಲೀಟರಿಗೆ 4 ಮಿಲಿಮೋಲ್ ಎಂಬ ಗುರುತನ್ನು ಮುಂದಿಟ್ಟರು. ಆದರೆ ಇದಕ್ಕೆ ರಕ್ತ ತೆಗೆಯಬೇಕಿತ್ತು, ಪ್ರಯೋಗಾಲಯವೂ ಬೇಕಿತ್ತು. 1982ರಲ್ಲಿ ಇಟಲಿಯ ಕಾಂಕೋನಿ ರಕ್ತವಿಲ್ಲದ ದಾರಿ ಸೂಚಿಸಿದರು: ವೇಗವನ್ನು ಹಂತಹಂತವಾಗಿ ಏರಿಸಿದಾಗ ಬಡಿತದ ಏರಿಕೆ ಎಲ್ಲಿ ಬಾಗುತ್ತದೋ ಅದೇ ಹೊಸ್ತಿಲು. ಹಲವು ಓಟಗಾರರಲ್ಲಿ ಆ ಬಾಗು ಕಾಣಲೇ ಇಲ್ಲ. ವಿಧಾನ ನಂಬಿಕೆ ಕಳೆದುಕೊಂಡಿತು. ಅದೇ ಹೊತ್ತಿಗೆ ಫಿನ್ಲೆಂಡಿನ ಪೋಲಾರ್ ಕಂಪನಿಯ ತಂತಿಯಿಲ್ಲದ ಎದೆಪಟ್ಟಿ ಬಂದದ್ದರಿಂದ ಬಡಿತವನ್ನು ರಸ್ತೆಯಲ್ಲೇ ಓದಲು ಸಾಧ್ಯವಾಯಿತು. ಇದರ ಬಲದಿಂದ ಅಮೆರಿಕದ ತರಬೇತುದಾರ ಜೋ ಫ್ರೀಲ್ ಸರಳ ವಿಧಾನವೊಂದನ್ನು ಪ್ರಚಾರಕ್ಕೆ ತಂದರು: ಒಬ್ಬರೇ 30 ನಿಮಿಷ ಸಮಗತಿಯಲ್ಲಿ, ಸ್ಪರ್ಧೆಯಷ್ಟೇ ಬಿರುಸಾಗಿ ಓಡುವುದು, ಕೊನೆಯ 20 ನಿಮಿಷದ ಸರಾಸರಿ ಬಡಿತವನ್ನು ಹೊಸ್ತಿಲೆಂದು ಹಿಡಿಯುವುದು. ಮೊದಲ 10 ನಿಮಿಷದಲ್ಲಿ ಹೃದಯ ಇನ್ನೂ ಏರುತ್ತಿರುವುದರಿಂದ ಅದನ್ನು ಬಿಡಲಾಗುತ್ತದೆ.

ಮೈಸೂರಿನ ವಿಮಾನ ನಿಲ್ದಾಣವಿರುವ ಮಂಡಕಳ್ಳಿಯ ಕಡೆ, ನಂಜನಗೂಡು ರಸ್ತೆಯಲ್ಲಿ ಓಡುವವರಿಗೂ ಇದು ಹೊಂದುತ್ತದೆ. ಚಾಮುಂಡಿ ಬೆಟ್ಟದ ದಾರಿ ಮಾತ್ರ ಬೇಡ. ಏರಿಳಿತದಲ್ಲಿ ಗತಿ ಸಮನಾಗಿ ಉಳಿಯದು. 15 ನಿಮಿಷ ಮೈ ಬಿಸಿ ಮಾಡಿಕೊಂಡು ಓಟ ಆರಂಭಿಸಿ, 10ನೇ ನಿಮಿಷಕ್ಕೆ ಗಡಿಯಾರದ ಲ್ಯಾಪ್ ಗುಂಡಿ ಒತ್ತಿದರೆ ಮುಂದಿನ 20 ನಿಮಿಷದ ಸರಾಸರಿ ಬೇರೆಯಾಗಿ ಸಿಗುತ್ತದೆ. ಅದು 170 ಬಂದಿತೆನ್ನೋಣ. ಫ್ರೀಲ್ ಅವರ ಓಟದ ಲೆಕ್ಕದಲ್ಲಿ ಹೊಸ್ತಿಲಿನ ಶೇ. 85ಕ್ಕಿಂತ ಕೆಳಗಿನದು ಮೊದಲ ವಲಯ, ಅಂದರೆ 144ರವರೆಗೆ. ದೀರ್ಘ ನಿರಾಳ ಓಟದ ಎರಡನೆಯದು ಸುಮಾರು 145ರಿಂದ 152. ಮೂರನೆಯದು 153ರಿಂದ 161. ಹೊಸ್ತಿಲಿಗೆ ತಾಗಿದ ನಾಲ್ಕನೆಯದು 162ರಿಂದ 169. ಅದರಾಚೆ ಐದನೆಯದು. ಸೈಕಲ್ ಸವಾರಿಗೆ ಈ ಸಂಖ್ಯೆ ಸಲ್ಲದು; ಅದರಲ್ಲಿ ಹೊಸ್ತಿಲು ಸಾಮಾನ್ಯವಾಗಿ ಕೆಲವು ಬಡಿತ ಕೆಳಗಿರುತ್ತದೆ, ಬೇರೆ ಪರೀಕ್ಷೆಯೇ ಬೇಕು.

ಪರೀಕ್ಷೆ ಕೆಡುವುದು ಹೆಚ್ಚಾಗಿ ಆರಂಭದ ಅವಸರದಿಂದ. ಕೊನೆಯ 10 ನಿಮಿಷದಲ್ಲಿ ವೇಗ ಗಣನೀಯವಾಗಿ ಕುಸಿದಿದ್ದರೆ ಆ ಸರಾಸರಿಯನ್ನು ಬಿಡಬೇಕು. ಬಿಸಿಲು ಇನ್ನೊಂದು ಕಾರಣ: ಬೆವರಿ ನೀರು ಕಳೆದುಕೊಂಡ ದೇಹದಲ್ಲಿ, ವೇಗ ಹಾಗೇ ಇದ್ದರೂ ಬಡಿತ ಮೇಲಕ್ಕೆ ಸರಿಯುತ್ತದೆ. ಏಪ್ರಿಲ್ ತಿಂಗಳ ಬೆಳಗಿನ ಹತ್ತು ಗಂಟೆಯ ಓಟದಲ್ಲಿ ಸಿಕ್ಕ ಅಂಕಿ ನಿಜವಾದ ಹೊಸ್ತಿಲಿಗಿಂತ ಹೆಚ್ಚಿರಬಹುದು; ಆಗ ಎಲ್ಲ ವಲಯಗಳೂ ಮೇಲೇರಿ, ನಿರಾಳವೆಂದುಕೊಂಡ ಓಟ ದಣಿಸುವ ಓಟವಾಗುತ್ತದೆ. ಆದ್ದರಿಂದ ಆರು ಗಂಟೆಯ ತಂಪಿನಲ್ಲಿ, ಅದೇ ರಸ್ತೆಯಲ್ಲಿ, ಆರೆಂಟು ವಾರಗಳಿಗೊಮ್ಮೆ ಪರೀಕ್ಷಿಸುವುದು ಒಳ್ಳೆಯದು. ಅಂಕಿ ಎರಡು ಮೂರು ಬಡಿತ ಅತ್ತಿತ್ತ ಆದರೆ ವಲಯಗಳನ್ನು ಬದಲಿಸುವ ಅಗತ್ಯವಿಲ್ಲ. ಅದೇ ಬಡಿತದಲ್ಲಿ ವೇಗ ಹೆಚ್ಚಿದ್ದರೆ ತರಬೇತಿ ಫಲಿಸಿದೆ ಎಂದರ್ಥ.