ಬಂದ್, ಹರತಾಳ, ಮುಷ್ಕರ: ವ್ಯತ್ಯಾಸವೇನು?

ಸುದ್ದಿಗಳಲ್ಲಿ ಈ ಮೂರು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಮುಷ್ಕರವೆಂದರೆ ಕಾರ್ಮಿಕರು ಬೇಡಿಕೆಗಾಗಿ ತಮ್ಮ ಕೆಲಸವನ್ನು ನಿಲ್ಲಿಸುವುದು. ಹರತಾಳವೆಂದರೆ ವರ್ತಕರೂ ಜನರೂ ಪ್ರತಿಭಟನೆಗಾಗಿ ಸ್ವಇಚ್ಛೆಯಿಂದ ಅಂಗಡಿ, ವ್ಯವಹಾರ ಮುಚ್ಚುವುದು. 1919ರಲ್ಲಿ ರೌಲತ್ ಕಾಯ್ದೆಯ ವಿರುದ್ಧ ಗಾಂಧೀಜಿ ಕರೆ ನೀಡಿದ್ದು ಇದಕ್ಕೇ. ಬಂದ್‌ನಲ್ಲಾದರೋ ಕರೆಗೆ ಒಪ್ಪದವರೂ ಹೆದರಿ ಮನೆಯಲ್ಲೇ ಉಳಿಯಬೇಕಾಗುತ್ತದೆ.

ಈ ಬಲವಂತದ ಕಾರಣಕ್ಕೇ ಕೇರಳ ಹೈಕೋರ್ಟ್ 1997ರ ಜುಲೈಯಲ್ಲಿ ಬಂದ್ ಕರೆಯುವುದು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಅದೇ ವರ್ಷದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಬಳಿಕ ಅಲ್ಲಿನ ಪಕ್ಷಗಳು 'ಹರತಾಳ'ಕ್ಕೆ ಕರೆ ನೀಡತೊಡಗಿದವು. ಅಂಗಡಿ, ಬಸ್ಸುಗಳು ಮಾತ್ರ ಮೊದಲಿನಂತೆಯೇ ನಿಂತವು. 2019ರ ಜನವರಿಯಲ್ಲಿ ಅದೇ ಹೈಕೋರ್ಟ್ ಹರತಾಳಕ್ಕೂ 7 ದಿನ ಮೊದಲೇ ನೋಟಿಸು ನೀಡಬೇಕೆಂದಿತು.

ಆದುದರಿಂದ ಹೆಸರನ್ನಷ್ಟೇ ನೋಡಿದರೆ ಸಾಲದು. ಅಂಗಡಿ ತೆರೆಯಬಯಸಿದವನಿಗೆ ತೆರೆಯಲು ಬಿಟ್ಟರೇ ಎಂಬುದನ್ನೂ ನೋಡಬೇಕು.