ಅಂತರಜಾಲ ವೇಗ ಪರೀಕ್ಷೆ

ಅಂತರಜಾಲ ವೇಗ ಪರೀಕ್ಷೆ ಅಥವಾ ಸ್ಪೀಡ್ ಟೆಸ್ಟ್ ಎಂಬುದು ಒಂದು ಸಾಧನಕ್ಕೂ ಅಂತರಜಾಲದಲ್ಲಿರುವ ಒಂದು ನಿರ್ದಿಷ್ಟ ಸರ್ವರ್‌ಗೂ ನಡುವೆ, ಒಂದು ನಿರ್ದಿಷ್ಟ ಗಳಿಗೆಯಲ್ಲಿ, ದತ್ತಾಂಶ ಎಷ್ಟು ವೇಗವಾಗಿ ಸಾಗುತ್ತದೆ ಎಂಬುದನ್ನು ಅಳೆಯುವ ವಿಧಾನ. ಊಕ್ಲಾ ಸಂಸ್ಥೆಯ ಸ್ಪೀಡ್‌ಟೆಸ್ಟ್, ನೆಟ್‌ಫ್ಲಿಕ್ಸ್‌ನ ಫಾಸ್ಟ್ ಡಾಟ್ ಕಾಮ್ ಹಾಗೂ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2016ರಲ್ಲಿ ಹೊರತಂದ ಮೈಸ್ಪೀಡ್ ಆ್ಯಪ್ ಇಂತಹ ಪರೀಕ್ಷೆಗೆ ಬಳಕೆಯಲ್ಲಿರುವ ಸಾಧನಗಳಲ್ಲಿ ಕೆಲವು. ಪರೀಕ್ಷೆಯು ಅಳೆಯುವುದು ಸೇವಾದಾರರ ತಂತಿಯನ್ನು ಮಾತ್ರವಲ್ಲ. ಮೊಬೈಲ್, ವೈ-ಫೈ, ರೂಟರ್, ತಂತಿ, ದೂರದ ಸರ್ವರ್ ಎಲ್ಲವೂ ಸೇರಿದ ಇಡೀ ದಾರಿಯನ್ನು. ಆ ದಾರಿಯ ಅತ್ಯಂತ ಕಿರಿದಾದ ಭಾಗವೇ ಫಲಿತಾಂಶವನ್ನು ನಿರ್ಧರಿಸುತ್ತದೆ.

## ಡೌನ್‌ಲೋಡ್ ಮತ್ತು ಅಪ್‌ಲೋಡ್

ಅಂತರಜಾಲದಿಂದ ಸಾಧನಕ್ಕೆ ಒಂದು ಸೆಕೆಂಡಿನಲ್ಲಿ ಬರುವ ದತ್ತಾಂಶದ ಪ್ರಮಾಣ ಡೌನ್‌ಲೋಡ್ ವೇಗ. ಸಾಧನದಿಂದ ಹೊರಹೋಗುವ ಪ್ರಮಾಣ ಅಪ್‌ಲೋಡ್ ವೇಗ. ಚಲನಚಿತ್ರ ವೀಕ್ಷಣೆಗೆ ಮೊದಲನೆಯದು ಮುಖ್ಯ. ವಿಡಿಯೊ ಕರೆಯಲ್ಲಿ ತನ್ನ ಮುಖ ಎದುರಿನವರಿಗೆ ಸ್ಪಷ್ಟವಾಗಿ ಕಾಣಲು, ಛಾಯಾಚಿತ್ರಗಳನ್ನು ಕಳುಹಿಸಲು ಎರಡನೆಯದು ಬೇಕು.

ಎರಡನ್ನೂ Mbps ಎಂದು, ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ತೋರಿಸಲಾಗುತ್ತದೆ. ಕಡತಗಳ ಗಾತ್ರವನ್ನಾದರೋ ಬೈಟ್‌ಗಳಲ್ಲಿ ಹೇಳುವುದು ವಾಡಿಕೆ. ಎಂಟು ಬಿಟ್‌ಗಳು ಸೇರಿ ಒಂದು ಬೈಟ್ ಆಗುವುದರಿಂದ 100 Mbps ವೇಗದಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್ ಮಾತ್ರ ಇಳಿಯುತ್ತದೆ. ಒಂದು ಗಿಗಾಬೈಟ್ ಕಡತಕ್ಕೆ ಕನಿಷ್ಠ 80 ಸೆಕೆಂಡು ಬೇಕು. ಪರೀಕ್ಷೆ 100 ಎನ್ನುವಾಗ ಬ್ರೌಸರ್ 12 MB/s ಎಂದು ತೋರಿಸಿದರೆ ಅದು ದೋಷವಲ್ಲ. ಏಕಮಾನದ ವ್ಯತ್ಯಾಸ ಅಷ್ಟೆ.

## ಲೇಟೆನ್ಸಿ

ಒಂದು ಪುಟ್ಟ ಸಂದೇಶ ಸರ್ವರ್‌ಗೆ ಹೋಗಿ ಅದರ ಉತ್ತರ ಮರಳಿ ಬರಲು ಹಿಡಿಯುವ ಸಮಯವೇ ಲೇಟೆನ್ಸಿ ಅಥವಾ ವಿಳಂಬ. ಪರದೆಯ ಮೇಲೆ ಇದು ಹಲವೊಮ್ಮೆ Ping ಎಂಬ ಹೆಸರಿನಲ್ಲಿ, ಮಿಲಿಸೆಕೆಂಡುಗಳಲ್ಲಿ (ms) ಕಾಣಿಸುತ್ತದೆ. ಇದು ಕಡಿಮೆಯಿದ್ದಷ್ಟೂ ಒಳ್ಳೆಯದು.

ವಿಳಂಬಕ್ಕೆ ದೂರವೂ ಕಾರಣ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಆದ್ದರಿಂದ ಸಾವಿರ ಕಿಲೋಮೀಟರ್ ದೂರದ ಸರ್ವರ್‌ಗೆ ಹೋಗಿ ಬರಲು ಏನೇ ಮಾಡಿದರೂ 10 ಮಿಲಿಸೆಕೆಂಡು ಬೇಕೇ ಬೇಕು. ಹೆಚ್ಚು ಹಣ ಕೊಟ್ಟು ದೊಡ್ಡ ಯೋಜನೆ ಪಡೆದರೂ ಈ ಮಿತಿಯನ್ನು ದಾಟಲಾಗದು.

ತಂತಿ ಖಾಲಿಯಿರುವಾಗಿನ ವಿಳಂಬಕ್ಕೂ ತುಂಬಿರುವಾಗಿನ ವಿಳಂಬಕ್ಕೂ ಬಹಳ ಅಂತರವಿರಬಹುದು. ಹೊರಹೋಗುವ ದಾರಿ ತುಂಬಿದಾಗ ರೂಟರ್ ದತ್ತಾಂಶವನ್ನು ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ಅಪ್‌ಲೋಡ್ 2 Mbps ಇರುವ ಕಡೆ 250 ಕಿಲೋಬೈಟ್ ದತ್ತಾಂಶ ಹೀಗೆ ಸಾಲುಗಟ್ಟಿದರೆ, ಅದರ ಹಿಂದೆ ಬಂದ ಧ್ವನಿಯ ತುಣುಕು ಪೂರ್ತಿ ಒಂದು ಸೆಕೆಂಡು ಕಾಯಬೇಕಾಗುತ್ತದೆ. ಈ ತೊಂದರೆಗೆ ಬಫರ್‌ಬ್ಲೋಟ್ ಎಂದು ಹೆಸರು. ಮನೆಯಲ್ಲಿ ಒಬ್ಬರ ಮೊಬೈಲ್ ಚಿತ್ರಗಳನ್ನು ಮೇಲೇರಿಸುತ್ತಿರುವಾಗ ಮತ್ತೊಬ್ಬರ ಆನ್‌ಲೈನ್ ತರಗತಿ ತಡವರಿಸುವುದಕ್ಕೆ ಇದು ಸಾಮಾನ್ಯ ಕಾರಣ. ಫಾಸ್ಟ್ ಡಾಟ್ ಕಾಮ್‌ನಲ್ಲಿ ಹೆಚ್ಚಿನ ವಿವರ ಕೇಳಿದಾಗ Unloaded ಮತ್ತು Loaded ಎಂಬ ಎರಡು ವಿಳಂಬಗಳು ಕಾಣುತ್ತವೆ. ಮೊದಲನೆಯದು 10 ಇದ್ದು ಎರಡನೆಯದು 300 ದಾಟಿದರೆ ಡೌನ್‌ಲೋಡ್ ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ಕರೆಗಳು ಕೆಡುತ್ತವೆ.

## ಜಿಟರ್

ವಿಳಂಬವು ಒಂದು ಸಂದೇಶದಿಂದ ಇನ್ನೊಂದಕ್ಕೆ ಎಷ್ಟು ಏರಿಳಿಯುತ್ತದೆ ಎಂಬುದರ ಅಳತೆಯೇ ಜಿಟರ್. ಒಂದು ಸಂಪರ್ಕದಲ್ಲಿ ಐದು ಸಂದೇಶಗಳಿಗೆ ಕ್ರಮವಾಗಿ 20, 22, 19, 45, 21 ಮಿಲಿಸೆಕೆಂಡು ಹಿಡಿಯಿತೆನ್ನೋಣ. ಅಕ್ಕಪಕ್ಕದ ವ್ಯತ್ಯಾಸಗಳು 2, 3, 26, 24. ಅವುಗಳ ಸರಾಸರಿ ಸುಮಾರು 14. ಇನ್ನೊಂದು ಸಂಪರ್ಕದಲ್ಲಿ 60, 61, 59, 60, 61 ಬಂದರೆ ಜಿಟರ್ ಒಂದಕ್ಕಿಂತ ಸ್ವಲ್ಪವೇ ಹೆಚ್ಚು. ಎರಡನೆಯದು ನಿಧಾನವಾದರೂ ನಿಯತವಾದುದು. ಅದರಲ್ಲಿ ಮಾತು ಕಡಿಯದೆ ಕೇಳಿಸುತ್ತದೆ. ಮೊದಲನೆಯದರಲ್ಲಿ ತಡವಾಗಿ ಬಂದ ತುಣುಕನ್ನು ಕರೆಯ ತಂತ್ರಾಂಶ ಕಾಯದೆ ಬಿಟ್ಟುಬಿಟ್ಟರೆ ಪದಗಳು ನಡುವೆಯೇ ತುಂಡಾಗುತ್ತವೆ.

## ಫಲಿತಾಂಶ ಬದಲಾಗುವ ಕಾರಣಗಳು

ವೈ-ಫೈ: 2.4 ಗಿಗಾಹರ್ಟ್ಸ್ ಅಲೆಗಳು ಗೋಡೆಗಳನ್ನು ದಾಟಿ ದೂರ ಹೋಗುತ್ತವೆ, ಆದರೆ ನೆರೆಮನೆಗಳ ರೂಟರ್‌ಗಳೂ ಅಲ್ಲಿಯೇ ಕಿಕ್ಕಿರಿದಿರುತ್ತವೆ. 5 ಗಿಗಾಹರ್ಟ್ಸ್ ವೇಗವಾದುದು, ಆದರೆ ಒಂದೆರಡು ಗೋಡೆಗಳಿಗೇ ಕುಂದುತ್ತದೆ.

ಸರ್ವರ್ ಮತ್ತು ವಿಧಾನ: ಕೆಲವು ಪರೀಕ್ಷೆಗಳು ಏಕಕಾಲಕ್ಕೆ ಹಲವು ಸಂಪರ್ಕಗಳನ್ನು ತೆರೆದು ದಾರಿಯನ್ನು ತುಂಬುತ್ತವೆ, ಎಂ-ಲ್ಯಾಬ್‌ನ ಎನ್‌ಡಿಟಿ ಒಂದೇ ಸಂಪರ್ಕವನ್ನು ಬಳಸುತ್ತದೆ. ಹೀಗಾಗಿ ಒಂದೇ ಗಳಿಗೆಯಲ್ಲಿ ಎರಡು ತಾಣಗಳು ಬೇರೆ ಬೇರೆ ಸಂಖ್ಯೆ ಹೇಳಬಹುದು. ಸರ್ವರ್ ಸೇವಾದಾರರ ಜಾಲದೊಳಗೇ ಇದ್ದರೆ ಫಲಿತಾಂಶ ಚೆನ್ನಾಗಿ ಕಾಣುತ್ತದೆ.

ಹೊತ್ತು: ಮನೆಗಳಿಗೆ ಫೈಬರ್ ಒದಗಿಸುವ ಜಿಪಾನ್ ವ್ಯವಸ್ಥೆಯಲ್ಲಿ ಸುಮಾರು 2.5 ಗಿಗಾಬಿಟ್ ಡೌನ್‌ಲೋಡ್ ಸಾಮರ್ಥ್ಯವನ್ನು ಹಲವು ಮನೆಗಳು ಹಂಚಿಕೊಳ್ಳುತ್ತವೆ. ಎಲ್ಲರೂ ಬಳಸುವ ರಾತ್ರಿಯ ಹೊತ್ತಿನಲ್ಲಿ ವೇಗ ತಗ್ಗಬಹುದು.

## ಒಂದು ಮಾದರಿ

200 Mbps ಯೋಜನೆಯಿರುವ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಒಳಕೋಣೆಯಲ್ಲಿ ಮೊಬೈಲ್‌ನ ಪರೀಕ್ಷೆ ಡೌನ್‌ಲೋಡ್ 41, ಲೇಟೆನ್ಸಿ 18, ಜಿಟರ್ 14 ಎನ್ನುತ್ತದೆ. ರೂಟರ್ ಪಕ್ಕದಲ್ಲಿ 5 ಗಿಗಾಹರ್ಟ್ಸ್‌ನಲ್ಲಿ ಅದೇ ಮೊಬೈಲ್ 186 ತೋರಿಸುತ್ತದೆ. ಜಿಟರ್ 2ಕ್ಕೆ ಇಳಿಯುತ್ತದೆ. ಅಂದರೆ ಹೊರಗಿನ ತಂತಿ ಸರಿಯಿದೆ. ತೊಡಕು ಗೋಡೆಗಳ ನಡುವೆ ಇದೆ.

ನಂತರ ಲ್ಯಾಪ್‌ಟಾಪ್ ಅನ್ನು ಈಥರ್ನೆಟ್ ಕೇಬಲ್ ಮೂಲಕ ರೂಟರ್‌ಗೆ ಜೋಡಿಸಿದಾಗ, ವೇಗ ಹೆಚ್ಚುವ ಬದಲು ಪ್ರತಿ ಬಾರಿಯೂ 94ರಲ್ಲೇ ನಿಲ್ಲುತ್ತದೆ. ಈ ಸಂಖ್ಯೆಯೇ ಸುಳಿವು. 100 ಮೆಗಾಬಿಟ್ ಈಥರ್ನೆಟ್‌ನಲ್ಲಿ ಸುಮಾರು ಶೇ. 5ರಷ್ಟು ಭಾಗ ವಿಳಾಸ ಮೊದಲಾದ ಹೊದಿಕೆಗೆ ಹೋಗಿ 94ರಿಂದ 95 ಮಾತ್ರ ಉಳಿಯುತ್ತದೆ. ಗಿಗಾಬಿಟ್ ಸಂಪರ್ಕಕ್ಕೆ ಕೇಬಲ್‌ನ ನಾಲ್ಕೂ ಜೋಡಿ ಎಳೆಗಳು ಸರಿಯಿರಬೇಕು. ಒಂದು ಎಳೆ ತುಂಡಾಗಿದ್ದರೂ ಸಂಪರ್ಕ 100ಕ್ಕೆ ಇಳಿಯಬಹುದು. ಕೇಬಲ್ ಬದಲಿಸಿದಾಗ 193 ಬಂದರೆ ಕಾರಣ ಖಚಿತ. ಹಾಗೆ ಬರದಿದ್ದರೆ ರೂಟರ್ ಅಥವಾ ಲ್ಯಾಪ್‌ಟಾಪ್‌ನ ಪೋರ್ಟ್ 100 ಮೆಗಾಬಿಟ್‌ನದೇ ಎಂದು ನೋಡಬೇಕು.

ಏರಿಳಿತವು ಮನೆಯೊಳಗಿನದೋ ಹೊರಗಿನದೋ ಎಂದು ತಿಳಿಯಲು ರೂಟರ್‌ನ ವಿಳಾಸಕ್ಕೇ ಸಂದೇಶ ಕಳುಹಿಸಬಹುದು. ವಿಳಾಸ ರೂಟರ್‌ನಿಂದ ರೂಟರ್‌ಗೆ ಬದಲಾಗುತ್ತದೆ. ವಿಂಡೋಸ್‌ನಲ್ಲಿ ಆದೇಶದ ರೂಪ ಹೀಗಿದೆ:

```
ping -n 20 192.168.1.1
```

ಉತ್ತರಗಳು ಒಂದೆರಡು ಮಿಲಿಸೆಕೆಂಡಿನೊಳಗೆ ಬರುವುದು ಸಹಜ. ಇಲ್ಲಿಯೇ 40, 90 ಎಂದು ಜಿಗಿದರೆ ದೋಷ ವೈ-ಫೈಯಲ್ಲಿದೆ; ಸೇವಾದಾರರಿಗೆ ದೂರು ಕೊಟ್ಟು ಪ್ರಯೋಜನವಿಲ್ಲ.

## ಮಿತಿಗಳು

ಒಂದೇ ಪರೀಕ್ಷೆಯಿಂದ ಸಂಪರ್ಕದ ಗುಣಮಟ್ಟವನ್ನು ನಿರ್ಧರಿಸಲಾಗದು. ದೂರು ಕೊಡುವುದಾದರೆ ಒಂದೇ ಸರ್ವರ್ ಆರಿಸಿ, ಕೇಬಲ್ ಮೂಲಕ, ಇತರ ಸಾಧನಗಳನ್ನು ನಿಲ್ಲಿಸಿ, ವಿಪಿಎನ್ ಇಲ್ಲದೆ, ಬೆಳಗ್ಗೆ ಮತ್ತು ರಾತ್ರಿ ಕೆಲವು ದಿನ ಪರೀಕ್ಷಿಸಿ ಬರೆದಿಟ್ಟ ಅಂಕಿಗಳಿಗೆ ಬೆಲೆಯಿದೆ. ತಿಂಗಳ ದತ್ತಾಂಶದ ಮಿತಿ ಮುಗಿದ ಮೇಲೆ ವೇಗ ತಗ್ಗಿಸುವ ಯೋಜನೆಗಳೂ ಇರುವುದರಿಂದ, ಬಳಕೆಯ ಲೆಕ್ಕವನ್ನು ಮೊದಲು ನೋಡಬೇಕು. ಇಷ್ಟಾದರೂ ಪರೀಕ್ಷೆ ಹೇಳುವುದು ತಾನು ಆರಿಸಿದ ಸರ್ವರ್‌ವರೆಗಿನ ದಾರಿಯನ್ನು ಮಾತ್ರ. ಅಲ್ಲಿ 190 ತೋರಿಸುತ್ತಿರುವಾಗಲೇ ಪರೀಕ್ಷಾ ಫಲಿತಾಂಶ ಪ್ರಕಟವಾದ ದಿನದ ಜಾಲತಾಣವೊಂದು ತೆರೆಯದಿದ್ದರೆ, ಆ ತಾಣದ ಸರ್ವರ್‌ನ ಮೇಲೆ ಹೊರೆ ಬಿದ್ದಿರುವ ಸಾಧ್ಯತೆಯೇ ಹೆಚ್ಚು.