ತಲೆನೋವು ಹೇಗಿದೆ ಎಂದು ಡಾಕ್ಟರಿಗೆ ಹೇಳುವುದು ಹೇಗೆ?

"ತುಂಬಾ ತಲೆನೋವು ಡಾಕ್ಟ್ರೇ" ಎಂದ ಮೇಲೆ ಮುಂದೇನು ಹೇಳಬೇಕೆಂದು ಹಲವರಿಗೆ ತೋಚುವುದಿಲ್ಲ. ಸ್ಕ್ಯಾನ್ ಮಾಡಿಸಿದರೆ ಎಲ್ಲ ಗೊತ್ತಾಗುತ್ತದೆ ಎಂದುಕೊಳ್ಳುತ್ತೇವೆ. ಆದರೆ ಸಾಮಾನ್ಯವಾಗಿ ಬರುವ ಮೈಗ್ರೇನ್ ಮತ್ತು ಟೆನ್ಷನ್ ತಲೆನೋವು ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಬೇರೆ ಕಾಯಿಲೆ ಇದೆಯೇ ಎಂದು ನೋಡಲಷ್ಟೇ ಸ್ಕ್ಯಾನ್ ಬೇಕಾಗುತ್ತದೆ. ಇವೆರಡನ್ನೂ ಡಾಕ್ಟರು ಗುರುತಿಸುವುದು ಮುಖ್ಯವಾಗಿ ನಾವು ಕೊಡುವ ವಿವರದಿಂದಲೇ.

ಅಂಕದ ಜೊತೆ ಕೆಲಸವನ್ನೂ ಹೇಳಿ

ನೋವೇ ಇಲ್ಲದಿದ್ದರೆ 0, ಊಹಿಸಬಹುದಾದ ಅತಿ ಕೆಟ್ಟ ನೋವಿಗೆ 10. ಒಬ್ಬರ 7 ಇನ್ನೊಬ್ಬರಿಗೆ 4 ಆಗಿರಬಹುದು. ಹಾಗಾಗಿ "7 ಇತ್ತು, ಅಡುಗೆ ಬಿಟ್ಟು ಮಲಗಬೇಕಾಯಿತು" ಎಂದು ಹೇಳಿ. ಅಂಕ ನೋವು ಎಷ್ಟು ಎನ್ನುತ್ತದೆ, ಎಂಥದು ಎನ್ನುವುದಿಲ್ಲ.

ಹೋಲಿಕೆ ಕೊಡಿ

"ತಲೆಗೆ ಬಟ್ಟೆ ಬಿಗಿದು ಕಟ್ಟಿದ ಹಾಗೆ" ಎಂದರೆ ಡಾಕ್ಟರಿಗೆ ಟೆನ್ಷನ್ ತಲೆನೋವಿನ ಸುಳಿವು ಸಿಗುತ್ತದೆ. "ನಾಡಿ ಬಡಿದ ಹಾಗೆ ಸಿಡಿಯುತ್ತದೆ, ಮೆಟ್ಟಿಲು ಹತ್ತಿದರೆ ಜಾಸ್ತಿ" ಎಂದರೆ ಮೈಗ್ರೇನ್ ಕಡೆಗೆ ಯೋಚಿಸುತ್ತಾರೆ.

ಚಿತ್ರ ಬರೆಯಿರಿ

ಒಂದು ವೃತ್ತ ಬರೆದು ಕಣ್ಣು, ಮೂಗು ಗುರುತಿಸಿ. ನೋವು ಶುರುವಾಗುವ ಜಾಗಕ್ಕೆ ಚುಕ್ಕಿ, ಹರಡುವ ಕಡೆಗೆ ಬಾಣ ಹಾಕಿ. ನೋವಿಗೆ ಮುಂಚೆ ಕಣ್ಣ ಮುಂದೆ ಮಿನುಗುವ ಅಂಕುಡೊಂಕು ಗೆರೆ ಕಂಡಿದ್ದರೆ ಅದನ್ನೂ ಬರೆಯಿರಿ. ಮಕ್ಕಳಿಗೆ ಇದು ಮಾತಿಗಿಂತ ಸುಲಭ. ಮಕ್ಕಳು ಬರೆದ ತಲೆನೋವಿನ ಚಿತ್ರಗಳು ಮೈಗ್ರೇನ್ ಗುರುತಿಸಲು ನೆರವಾಗುತ್ತವೆ ಎಂದು 2002ರಲ್ಲಿ ಅಮೆರಿಕದ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತ್ತು.

ಒಂದು ಉದಾಹರಣೆ

ಒಬ್ಬ ಮಹಿಳೆ ಮೊಬೈಲಿನಲ್ಲಿ ಹೀಗೆ ಬರೆದುಕೊಂಡಿದ್ದಾರೆ ಎಂದುಕೊಳ್ಳಿ: "ತಿಂಗಳಿಗೆ 3 ಸಲ. ಬಲಗಣ್ಣಿನ ಹಿಂದೆ ಶುರು. ಸಿಡಿತ, ಅಂಕ 7. ಬೆಳಕು, ಸದ್ದು ಸಹಿಸಲಾಗದು, ವಾಕರಿಕೆ. ಸುಮಾರು 12 ಗಂಟೆ ಇರುತ್ತದೆ. ತಿಂಗಳಲ್ಲಿ 6 ಮಾತ್ರೆ ನುಂಗಿದೆ." ಚಿಕಿತ್ಸೆ ಇಲ್ಲದಿದ್ದರೆ ದೊಡ್ಡವರಲ್ಲಿ ಮೈಗ್ರೇನ್ ಸಾಮಾನ್ಯವಾಗಿ 4ರಿಂದ 72 ಗಂಟೆ ಇರುತ್ತದೆ. ಈ ವಿವರ ಅದಕ್ಕೆ ಹೊಂದುತ್ತದೆ. ಮಾತ್ರೆಯ ಲೆಕ್ಕವೂ ಮುಖ್ಯ, ಏಕೆಂದರೆ ನೋವಿನ ಮಾತ್ರೆ ಅತಿಯಾದರೆ ಅದರಿಂದಲೇ ತಲೆನೋವು ಬರಬಹುದು.

"ಒಂದೇ ಕಡೆ ನೋವಿದ್ದರೆ ಮೈಗ್ರೇನ್, ಎರಡೂ ಕಡೆ ಇದ್ದರೆ ಅಲ್ಲ" ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ನಂಬಬೇಡಿ. ಮೈಗ್ರೇನ್ ಎರಡೂ ಕಡೆ ಬರಬಹುದು. ಚಿತ್ರವೊಂದರಿಂದಲೇ ಕಾಯಿಲೆ ತೀರ್ಮಾನವಾಗುವುದಿಲ್ಲ.

ಬರೆಯುತ್ತಾ ಕೂರಬಾರದ ಸಂದರ್ಭ

ಸಿಡಿಲು ಬಡಿದಂತೆ ಒಂದೇ ನಿಮಿಷದೊಳಗೆ ನೋವು ತಾರಕಕ್ಕೇರಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಜ್ವರದ ಜೊತೆ ಕುತ್ತಿಗೆ ಬಿಗಿದುಕೊಂಡರೆ ಅಥವಾ ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಹೆಚ್ಚುತ್ತಿದ್ದರೆ ಅಂಕ, ಚಿತ್ರ ಯಾವುದೂ ಬೇಡ. ಕೂಡಲೇ 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ.